ಮುಲುಂಡಿನ ಹೋಟೆಲಿನ 125 ಕೆವಿಎ ಜನರೇಟರ್: ಕಮಿಷನಿಂಗ್‌ನಿಂದ ಸ್ವೀಕಾರದವರೆಗೆ

ಮುಂಬಯಿಯಲ್ಲಿ ಕರೆಂಟ್ ಹೋಗುವುದು ಅಪರೂಪ. ಹಾಗಾಗಿ ಇಲ್ಲಿ ಹಾಕಿಸಿದ ಜನರೇಟರಿಗೆ ತನ್ನ ಕುಂದು ತೋರಿಸಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಊರಿನ ಕಡೆ ಒಂದು ಸೆಟ್ ಹಾಕಿಸಿದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅದು ನೂರಾರು ಗಂಟೆ ಓಡಿ, ಕೆಡುವುದೆಲ್ಲ ಕೆಟ್ಟು, ರಿಪೇರಿಯಾಗುವುದೆಲ್ಲ ಆಗಿರುತ್ತದೆ. ಇಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಖಾಲಿ ಓಡಿಸಿ, ರಿಜಿಸ್ಟರಿನಲ್ಲಿ ‘ಓಕೆ’ ಎಂದು ಬರೆದಿಡುತ್ತಾರೆ. 2020ರ ಅಕ್ಟೋಬರ್ 12ರಂದು ಗ್ರಿಡ್ ಕುಸಿದು ನಗರವಿಡೀ ಕತ್ತಲಾಯಿತಲ್ಲ, ಅಂಥ ದಿನ ಬಂದಾಗಲೇ ಅದರ ಮೇಲೆ ನಿಜವಾದ ಲೋಡ್ ಬೀಳುವುದು. ಆ ದಿನಕ್ಕೆ ಮೊದಲು ಸೆಟ್ಟನ್ನು ಪೂರ್ತಿ ಲೋಡಿನಲ್ಲಿ ನೋಡುವ ಅವಕಾಶ ಕಮಿಷನಿಂಗ್ ದಿನ, ಅಂದರೆ ಕೂರಿಸಿದ ಸೆಟ್ಟನ್ನು ಮೊದಲ ಸಲ ಓಡಿಸಿ ಪರೀಕ್ಷಿಸುವ ದಿನ, ಮಾತ್ರ ಸಿಗುತ್ತದೆ. ಅದನ್ನೂ ‘ಸ್ಟಾರ್ಟ್ ಆಯಿತು, ದೀಪ ಹತ್ತಿತು’ ಎಂದು ಮುಗಿಸಿದರೆ ಉಳಿಯುವುದು ತಯಾರಕರ ಕಾಗದ ಒಂದೇ.

ಈ ಪ್ರಕರಣ ಮುಲುಂಡಿನ ಒಂದು ಹೋಟೆಲಿನದು. ಕೆಳಗೆ ರೆಸ್ಟೊರೆಂಟ್, ಮೊದಲ ಮಹಡಿಯಲ್ಲಿ ಎಸಿ ಹಾಲ್, ಅದರ ಮೇಲೆ ಮೂರು ಮಹಡಿ ಲಾಡ್ಜಿಂಗ್. ಮಾಲೀಕರು ಬೈಂದೂರು ಕಡೆಯ ಶೆಟ್ರು. ಸೆಟ್ 125 ಕೆವಿಎ, ಅಂದರೆ 0.8 ಪವರ್ ಫ್ಯಾಕ್ಟರಿನಲ್ಲಿ 100 ಕಿಲೋವ್ಯಾಟ್. 415 ವೋಲ್ಟಿನಲ್ಲಿ ಪೂರ್ಣ ಕರೆಂಟ್ 174 ಆಂಪಿಯರ್. 2023ರ ಜುಲೈನಿಂದ ಜಾರಿಯಾದ ಹೊಸ ಹೊಗೆ ನಿಯಮದ ಎಂಜಿನ್, ಆದ್ದರಿಂದ ಡೀಸೆಲ್ ಜೊತೆಗೆ, ಹೊಗೆಯನ್ನು ಶುದ್ಧ ಮಾಡಲು ಸಿಂಪಡಿಸುವ ಯೂರಿಯಾ ದ್ರಾವಣದ ಸಣ್ಣ ಟ್ಯಾಂಕೂ ಇದೆ. ಶನಿವಾರ ರಾತ್ರಿ ಹಾಲ್ ತುಂಬಿದಾಗ ಹೋಟೆಲಿನ ಅಗತ್ಯ ಲೋಡ್ 70 ಕಿಲೋವ್ಯಾಟಿನ ಆಸುಪಾಸು. ನಡುರಾತ್ರಿಯ ನಂತರ 22ಕ್ಕೆ ಇಳಿಯುತ್ತದೆ. ಸೆಟ್ ಕೂರಿಸಿ ವೈರಿಂಗ್ ಮಾಡಿದ್ದು ಒಬ್ಬ ಕಂತ್ರಾಟುದಾರ. ಪರೀಕ್ಷೆ ನಡೆಸಿ ವರದಿ ಕೊಡಲು ಶೆಟ್ರು ನನ್ನನ್ನು ಕರೆಸಿದ್ದರು. ಹಣದ ಕೊನೆಯ 10 ಶೇಕಡಾ ಈ ವರದಿಯ ಮೇಲೆ ನಿಂತಿತ್ತು.

ಸ್ಟಾರ್ಟ್ ಮಾಡುವ ಮುಂಚೆ

ಸೆಟ್ ಕೂತ ಜಾಗ ಹೋಟೆಲಿನ ಹಿಂದಿನ ಓಣಿ. ಒಂದು ಪಕ್ಕ ಹೋಟೆಲಿನ ಗೋಡೆ, ಇನ್ನೊಂದು ಪಕ್ಕ ಪಕ್ಕದ ಸೊಸೈಟಿಯ ಕಾಂಪೌಂಡ್, ತುದಿಯಲ್ಲಿ ಅಡ್ಡಗೋಡೆ. ರೇಡಿಯೇಟರ್ ಮುಖ ಆ ಅಡ್ಡಗೋಡೆಯ ಕಡೆಗೆ, ಸುಮಾರು 1.2 ಮೀಟರ್ ಅಂತರದಲ್ಲಿ. ಕ್ಯಾನೊಪಿಯ ಮೇಲೆ ಉದ್ದಕ್ಕೂ ತಗಡಿನ ಶೆಡ್. ನಕ್ಷೆಯಲ್ಲಿ ಈ ಶೆಡ್ ಇರಲಿಲ್ಲ. ಕೇಳಿದೆ. “ಹೊಸ ಮಿಷನ್ ಮಾರಾಯ್ರೆ, ಮಳೆಗೆ ನೆನ್ಸುಕಾತ್ತಾ?” ಅಂದರು ಶೆಟ್ರು. ಕ್ಯಾನೊಪಿ ಮಳೆಗೆಂದೇ ಮಾಡಿದ ಪೆಟ್ಟಿಗೆ ಎಂದು ಹೇಳಿದೆ, ಆದರೆ ಆಗ ಅದನ್ನು ದೊಡ್ಡದು ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಕ್ಕೆ ಹೋದೆವು.

ಮೊದಲು ಇನ್ಸುಲೇಷನ್. ಕರೆಂಟ್ ಹುಟ್ಟಿಸುವ ಭಾಗವಾದ ಆಲ್ಟರ್ನೇಟರಿನಲ್ಲಿ, ವೋಲ್ಟೇಜನ್ನು ಹಿಡಿದಿಡುವ ಎವಿಆರ್ ವೈರುಗಳನ್ನು ಬಿಚ್ಚಿಯೇ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಬೇಕು. ಬಿಚ್ಚದೆ ಹಾಕಿದರೆ ಎವಿಆರ್ ಸುಟ್ಟು, ಹೊಸ ಸೆಟ್ ಸ್ಟಾರ್ಟ್ ಆಗುವ ಮೊದಲೇ ವಾರಂಟಿಯ ಜಗಳ ಶುರುವಾಗುತ್ತದೆ. ಒಂದು ನಿಮಿಷದ ನಂತರ ವೈಂಡಿಂಗಿನಿಂದ ಅರ್ಥಿಗೆ 48 ಮೆಗಾಓಮ್ ಬಂತು. ಈ ವೋಲ್ಟೇಜಿಗೆ ಒಂದೂವರೆ ಮೆಗಾಓಮ್ ಮೇಲಿದ್ದರೆ ನಡೆಯುತ್ತದೆ, ಆದರೆ ಹೊಸ ಯಂತ್ರದಲ್ಲಿ ಅಷ್ಟೇ ಬಂದರೆ ಗೋದಾಮಿನಲ್ಲಿ ಥಂಡಿ ಹಿಡಿದಿದೆ ಎಂದೇ ಅರ್ಥ. ಇದು ಒಣಗಿತ್ತು. ಕೇಬಲ್ಲುಗಳೂ ಸರಿಯಿದ್ದವು.

ಅರ್ಥಿಂಗ್ ಪಿಟ್ ನಾಲ್ಕು, ನ್ಯೂಟ್ರಲಿಗೆ ಎರಡು, ಬಾಡಿಗೆ ಎರಡು. ಕಂತ್ರಾಟುದಾರ ತಂದಿದ್ದ ಹಾಳೆಯಲ್ಲಿ ನಾಲ್ಕೂ ಸೇರಿ 1 ಓಮಿಗಿಂತ ಕಡಿಮೆ ಎಂದಿತ್ತು. ಸೇರಿಸಿ ಅಳೆದರೆ ಕೆಟ್ಟ ಪಿಟ್ ಒಳ್ಳೆಯದರ ಹಿಂದೆ ಅಡಗಿಕೊಳ್ಳುತ್ತದೆ. ಲಿಂಕ್ ಬಿಚ್ಚಿ ಒಂದೊಂದನ್ನೇ ಅಳೆದಾಗ ಮೂರು ಪಿಟ್ಟುಗಳು 2 ಓಮಿನ ಆಚೀಚೆ, ನಾಲ್ಕನೆಯದು 7.6. ಅದನ್ನು ತೋಡಿದ್ದು ಹಳೆಯ ಕಟ್ಟಡದ ಡೆಬ್ರಿ ತುಂಬಿದ ಮೂಲೆಯಲ್ಲಿ. ಎಲೆಕ್ಟ್ರೋಡನ್ನು ಇನ್ನೂ ಆಳಕ್ಕೆ, ಸ್ವಂತ ಮಣ್ಣು ಸಿಗುವವರೆಗೆ ಇಳಿಸಬೇಕು ಎಂದು ಬರೆದೆ.

ಆಮೇಲೆ ಖಾಲಿ ಓಟ. ಬ್ಯಾಟರಿ 12.7 ವೋಲ್ಟಿನಲ್ಲಿತ್ತು, ಕ್ರ್ಯಾಂಕ್ ಆಗುವಾಗ 9.8ಕ್ಕೆ ಇಳಿಯಿತು, ಎಂಜಿನ್ ಹಿಡಿದ ಮೇಲೆ ಚಾರ್ಜಿಂಗ್ 14.1. ವೋಲ್ಟೇಜ್ 415, ಫ್ರೀಕ್ವೆನ್ಸಿ 50. ಇವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ತಿರುಗುಮುರುಗಾದ ಫೇಸ್

ಲೋಡ್ ಕೊಡುವ ಮುಂಚೆ ಚೇಂಜ್‌ಓವರ್ ಪ್ಯಾನೆಲಿನಲ್ಲಿ, ಮೂರು ಫೇಸುಗಳ ಸರದಿ ತೋರಿಸುವ ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿದೆವು. ಕಂಪನಿಯ ಕರೆಂಟ್ ಬರುವ ಕಡೆ ಮೀಟರಿನ ಚಕ್ರ ಬಲಕ್ಕೆ ತಿರುಗಿತು. ಜನರೇಟರ್ ಕಡೆ ಎಡಕ್ಕೆ.

ಇದನ್ನು ಬಲ್ಬ್ ಹೊತ್ತಿಸಿ ನೋಡಿ ಕಂಡುಹಿಡಿಯಲಾಗದು. ಬಲ್ಬು, ಟಿವಿ, ಫ್ರಿಜ್ಜು ಎಲ್ಲ ಒಂಟಿ ಫೇಸಿನವು, ಅವುಗಳಿಗೆ ಫೇಸಿನ ಸರದಿಯಿಂದ ಏನೂ ಆಗಬೇಕಾದ್ದಿಲ್ಲ. ತೊಂದರೆ ಬರುವುದು ಮೂರು ಫೇಸಿನ ಮೋಟರುಗಳಿಗೆ. ಲಿಫ್ಟ್ ಆದರೂ ಪರವಾಗಿಲ್ಲ. ಅದರ ಕಂಟ್ರೋಲರಿನಲ್ಲಿ ಫೇಸ್ ರಿವರ್ಸಲ್ ರಿಲೇ ಇರುತ್ತದೆ, ಸರದಿ ತಪ್ಪಿದರೆ ಲಿಫ್ಟ್ ಮಿಸುಕುವುದಿಲ್ಲ, ದೂರು ಬರುತ್ತದೆ, ಯಾರಾದರೂ ನೋಡುತ್ತಾರೆ. ಮೋಸ ಮಾಡುವುದು ಅಡುಗೆಮನೆಯ ಎಗ್ಸಾಸ್ಟ್ ಬ್ಲೋವರ್. ಅಂಥ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೆ ತಳ್ಳುತ್ತದೆ, ಆದರೆ ಬಹಳ ಕಡಿಮೆ. ಶಬ್ದ ಇರುತ್ತದೆ, ಗಾಳಿಯೂ ಒಂದಿಷ್ಟು ಇರುತ್ತದೆ, ಅಡುಗೆಮನೆ ಮಾತ್ರ ನಿಧಾನಕ್ಕೆ ಹೊಗೆ ತುಂಬುತ್ತದೆ. ನೀರಿನ ಪಂಪಿನದೂ ಇದೇ ಕತೆ. ಟೆರೇಸಿನ ಟ್ಯಾಂಕ್ ತುಂಬಲು ಎರಡು ಪಟ್ಟು ಹೊತ್ತು ಹಿಡಿದರೆ ಪಂಪು ಹಳೆಯದಾಯಿತು ಎಂದುಕೊಳ್ಳುತ್ತಾರೆ.

ಕಂತ್ರಾಟುದಾರರ ಹುಡುಗ ಪ್ಯಾನೆಲಿನ ಹೊರಹೋಗುವ ಕಡೆ ಎರಡು ಫೇಸ್ ಅದಲುಬದಲು ಮಾಡಲು ಸ್ಪ್ಯಾನರ್ ತೆಗೆದ. ತಡೆದೆ. ಅಲ್ಲಿ ಬದಲಿಸಿದರೆ ಜನರೇಟರ್ ಸರಿಯಾಗುತ್ತದೆ, ಕಂಪನಿಯ ಕರೆಂಟಿನಲ್ಲಿ ಎಲ್ಲವೂ ಉಲ್ಟಾ ಆಗುತ್ತದೆ. ಬದಲಿಸಬೇಕಾದ್ದು ಜನರೇಟರಿನಿಂದ ಬರುವ ಕೇಬಲ್ಲಿನ ತುದಿಯಲ್ಲಿ. ಅಲ್ಲಿ ಬದಲಿಸಿ, ಬಣ್ಣದ ಟೇಪನ್ನೂ ಬದಲಿಸಿ, ಮತ್ತೆ ಮೀಟರ್ ಹಿಡಿದು ಎರಡೂ ಕಡೆ ಬಲಕ್ಕೆ ತಿರುಗುವುದನ್ನು ನೋಡಿ ಬರೆದುಕೊಂಡೆವು. ಆಮೇಲೆ ಎಗ್ಸಾಸ್ಟ್ ಬ್ಲೋವರನ್ನು ಎರಡೂ ಕರೆಂಟಿನಲ್ಲಿ ಓಡಿಸಿ, ಅದರ ಮೇಲಿನ ಬಾಣದ ಗುರುತಿನ ಪ್ರಕಾರ ತಿರುಗುತ್ತಿದೆಯೇ ಎಂದೂ ನೋಡಿದೆವು.

ಲೋಡ್ ಬ್ಯಾಂಕಿನ ಮೇಲೆ

ಹೋಟೆಲಿನ ಲೋಡಿನಿಂದ ಸೆಟ್ಟಿನ ಪೂರ್ಣ ಪರೀಕ್ಷೆ ಆಗದು. ಎಲ್ಲ ಹಾಕಿದರೂ 70 ದಾಟುವುದಿಲ್ಲ, ಅದೂ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಆದ್ದರಿಂದ 100 ಕಿಲೋವ್ಯಾಟಿನ ಲೋಡ್ ಬ್ಯಾಂಕ್ ಬಾಡಿಗೆಗೆ ತರಿಸಿದ್ದೆವು. ಇದು ದೊಡ್ಡ ಹೀಟರುಗಳ ಪೆಟ್ಟಿಗೆ, ಬೇಕಾದಷ್ಟು ಲೋಡನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕಬಹುದು.

ಅಳತೆಗೆ ಎರಡು ಜಾಗ ಮುಖ್ಯ ಮಾಡಿಕೊಂಡೆ. ಒಂದು, ಪ್ಯಾನೆಲಿನಲ್ಲಿ ಕಾಣುವ ಕೂಲಂಟ್ ಉಷ್ಣತೆ. ಇನ್ನೊಂದು, ಆಲ್ಟರ್ನೇಟರ್ ತುದಿಯಲ್ಲಿ ಕ್ಯಾನೊಪಿಯ ಒಳಗೆ ಗಾಳಿ ಹೋಗುವ ಜಾಲರಿಯ ಮುಂದೆ ಕಟ್ಟಿದ ಥರ್ಮಾಮೀಟರ್. ಎರಡನೆಯದನ್ನು ಸಾಮಾನ್ಯವಾಗಿ ಯಾರೂ ಕಟ್ಟುವುದಿಲ್ಲ. ಬೀದಿಯ ನೆರಳಿನಲ್ಲಿ ಆ ಮಧ್ಯಾಹ್ನ 34 ಡಿಗ್ರಿ ಇತ್ತು.

| ಲೋಡ್ (ಕಿಲೋವ್ಯಾಟ್) | ಆ ಲೋಡಿನಲ್ಲಿ ಓಡಿದ ನಿಮಿಷ | ಒಳಹೋಗುವ ಗಾಳಿ (ಡಿಗ್ರಿ) | ಕೂಲಂಟ್ (ಡಿಗ್ರಿ) |
|---|---|---|---|
| 25 | 30 | 35 | 80 |
| 50 | 30 | 39 | 83 |
| 75 | 20 | 43 | 87 |
| 75 | 60 | 46 | 90 |
| 100 | 10 | 49 | 97 |
| 100 | 20 | 52 | 102 |

ಈ ಎಂಜಿನ್ನಿನಲ್ಲಿ 100 ಡಿಗ್ರಿಗೆ ಎಚ್ಚರಿಕೆ, 105ಕ್ಕೆ ಟ್ರಿಪ್. 102ಕ್ಕೆ ಲೋಡ್ ತೆಗೆಸಿ, ಐದು ನಿಮಿಷ ಖಾಲಿ ಓಡಿಸಿ ತಣಿಸಿ ನಿಲ್ಲಿಸಿದೆ.

ಕಂತ್ರಾಟುದಾರರ ಇಂಜಿನಿಯರಿಗೆ ಇದು ಹಿಡಿಸಲಿಲ್ಲ. “ಟ್ರಿಪ್ ತೋ ನಹೀ ಹುವಾ ನಾ, ಸಾಬ್” ಎಂದರು. ಮಾತು ಸುಳ್ಳಲ್ಲ. ಆದರೆ ಆ ಕ್ಷಣದ ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಏರುತ್ತಿದೆಯೋ ನಿಂತಿದೆಯೋ ಎನ್ನುವುದು ಮುಖ್ಯ. ಹತ್ತತ್ತು ನಿಮಿಷಕ್ಕೆ ತೆಗೆದ ಮೂರು ರೀಡಿಂಗ್ ಒಂದು ಡಿಗ್ರಿಯೊಳಗೆ ನಿಂತರೆ ಮಾತ್ರ ಸೆಟ್ ಆ ಲೋಡಿನಲ್ಲಿ ನೆಲೆಗೊಂಡಿದೆ ಎನ್ನಬಹುದು. ಇಲ್ಲಿ ಒಳಗಾಳಿ ಹತ್ತು ನಿಮಿಷಕ್ಕೆ ಮೂರು ಡಿಗ್ರಿ ಏರುತ್ತಿತ್ತು, ಕೂಲಂಟ್ ಐದು ಡಿಗ್ರಿ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ದರೆ ಸೆಟ್ ತಾನಾಗಿಯೇ ಟ್ರಿಪ್ ಆಗುತ್ತಿತ್ತು.

ಅವರ ಕಡೆಯಿಂದ ಬಂದ ಸಲಹೆ ಕೂಲಂಟ್ ಬದಲಿಸುವುದು, ಅಷ್ಟಕ್ಕೂ ಆಗದಿದ್ದರೆ ರೇಡಿಯೇಟರ್ ದೊಡ್ಡದು ಹಾಕುವುದು. ಟೇಬಲ್ಲಿನ ಕೊನೆಯ ಎರಡು ಕಾಲಮ್ಮುಗಳನ್ನು ಕಳೆದು ನೋಡಿದರೆ ಎರಡೂ ಬೇಡ ಎಂದು ಗೊತ್ತಾಗುತ್ತದೆ. ಪೂರ್ಣ ಲೋಡಿನಲ್ಲಿ ಕೂಲಂಟ್ 102, ಒಳಗಾಳಿ 52; ವ್ಯತ್ಯಾಸ 50. ರೇಡಿಯೇಟರಿನ ಸಾಮರ್ಥ್ಯ ತೋರಿಸುವುದು ಈ ವ್ಯತ್ಯಾಸ. ತನಗೆ ಸಿಕ್ಕ ಗಾಳಿಗಿಂತ 50 ಡಿಗ್ರಿ ಮೇಲೆ ಅದು ಕೂಲಂಟನ್ನು ಹಿಡಿದು ನಿಲ್ಲಿಸುತ್ತದೆ. ಬೀದಿಯ 34 ಡಿಗ್ರಿಯ ಗಾಳಿ ಸಿಕ್ಕಿದ್ದರೆ ಕೂಲಂಟ್ 84-85ರಲ್ಲಿ ಇರಬೇಕಿತ್ತು. ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ, ಅದಕ್ಕೆ ಸಿಗುತ್ತಿರುವ ಗಾಳಿಯೇ 18 ಡಿಗ್ರಿ ಬಿಸಿ. ಬೀದಿಗಿಂತ ಬಿಸಿಯಾದ ಗಾಳಿ ಆ ಓಣಿಗೆ ಬರಲು ಸೆಟ್ಟಿನ ಹೊರತು ಬೇರೆ ಮೂಲವಿರಲಿಲ್ಲ.

ದಾರಿ ಕಂಡುಹಿಡಿಯಲು ಹೋಟೆಲಿನ ಟಿಶ್ಯೂ ಕಾಗದ ಸಾಕಾಯಿತು. ಬೆರಳಗಲದ ಪಟ್ಟಿ ಹರಿದು, ಕ್ಯಾನೊಪಿಯ ಮಾಡಿನುದ್ದಕ್ಕೂ ಒಂದೊಂದು ತುದಿಗೆ ಟೇಪ್ ಅಂಟಿಸಿ, ಸೆಟ್ಟನ್ನು 50 ಕಿಲೋವ್ಯಾಟಿನಲ್ಲಿ ಮತ್ತೆ ಓಡಿಸಿದೆವು. ರೇಡಿಯೇಟರ್ ಕಡೆಯ ಪಟ್ಟಿಗಳು ನೆಟ್ಟಗೆ ನಿಂತು ಪಟಪಟ ಹೊಡೆದುಕೊಂಡವು. ನಡುವಿನವು ವಾಲಿದವು, ಅದೂ ರೇಡಿಯೇಟರಿನಿಂದ ಆಚೆಗೆ, ಆಲ್ಟರ್ನೇಟರ್ ಕಡೆಗೆ. ಜಾಲರಿಯ ಅಂಚಿನ ಕೊನೆಯ ಪಟ್ಟಿ ಬಾಗಿ ಒಳಕ್ಕೇ ಹೀರಿಕೊಂಡಿತ್ತು. ಹೋಟೆಲಿನ ಮೇಂಟೆನೆನ್ಸ್ ನೋಡಿಕೊಳ್ಳುವ ವಿಜಯಪುರದ ಹುಡುಗ ಮೇಲೆ ಕೈ ಚಾಚಿ, “ಸರ್, ಉಗುಳಿದ ಗಾಳೀನ ತಿರುಗಿ ಅದರ ಬಾಯಿಗೇ ಬರಾಕತ್ತೈತ್ರಿ” ಎಂದ.

ಆಗುತ್ತಿದ್ದದ್ದು ಅದೇ. ರೇಡಿಯೇಟರ್ ಬಿಟ್ಟ ಬಿಸಿಗಾಳಿ 1.2 ಮೀಟರ್ ದೂರದ ಅಡ್ಡಗೋಡೆಗೆ ಬಡಿದು ಮೇಲೇರುತ್ತದೆ. ಮೇಲೆ ತಗಡಿನ ಶೆಡ್. ಹೊರಹೋಗಲು ಜಾಗವಿಲ್ಲದೆ ಶೆಡ್ಡಿನ ಕೆಳಗೆ, ಕ್ಯಾನೊಪಿಯ ಮೇಲೆ ಹರಿದು ಆಲ್ಟರ್ನೇಟರ್ ತುದಿಗೆ ಬರುತ್ತದೆ. ಅಲ್ಲಿ ಒಳಗಾಳಿಯ ಜಾಲರಿ ಅದನ್ನು ಎಳೆದುಕೊಳ್ಳುತ್ತದೆ. ಮಳೆಯಿಂದ ಕಾಪಾಡಲು ಹಾಕಿದ ತಗಡು ಇಡೀ ಓಣಿಯನ್ನು ಒಂದು ಸುರಂಗ ಮಾಡಿತ್ತು. ಗೋಡೆ ಹತ್ತಿರವಿದ್ದದ್ದೂ ತಪ್ಪೇ, ಆದರೆ ಶೆಡ್ ಇಲ್ಲದಿದ್ದರೆ ಬಹುಪಾಲು ಬಿಸಿ ಆಕಾಶಕ್ಕೆ ಹೋಗುತ್ತಿತ್ತು. ಇದು ಹತ್ತು ನಿಮಿಷದ ಖಾಲಿ ಓಟದಲ್ಲಿ ಕಾಣುವಂಥದ್ದಲ್ಲ. 25 ಕಿಲೋವ್ಯಾಟಿನಲ್ಲಿ ಅರ್ಧ ಗಂಟೆ ಓಡಿಸಿದರೂ ಒಳಗಾಳಿ ಒಂದೇ ಡಿಗ್ರಿ ಹೆಚ್ಚಿತ್ತು.

ಹಾಲ್ ತುಂಬಿದ ಮೇ ತಿಂಗಳ ಸಂಜೆ, 70 ಕಿಲೋವ್ಯಾಟಿನಲ್ಲಿ ಎರಡು ಮೂರು ಗಂಟೆ ಓಡಬೇಕಾಗಿ ಬಂದರೆ ಸೆಟ್ ತಡೆಯುತ್ತಿತ್ತೇ ಎಂದು ಶೆಟ್ರು ಕೇಳಿದರು. 75ರಲ್ಲಿ ಒಂದು ಗಂಟೆಯಾದರೂ ಅಂಕಿ ನಿಂತಿರಲಿಲ್ಲ, ಅದರ ಮೇಲೆ ನಾನು ಆಣೆ ಹಾಕಲಾರೆ ಎಂದೆ.

ಲೋಡ್ ಬ್ಯಾಂಕಿನ ವಿಷಯದಲ್ಲಿ ಇನ್ನೊಂದು ಮಾತನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. ಹೀಟರ್ ಲೋಡಿನ ಪವರ್ ಫ್ಯಾಕ್ಟರ್ 1. ಹಾಗಾಗಿ 100 ಕಿಲೋವ್ಯಾಟಿಗೆ ಹರಿದ ಕರೆಂಟ್ 139 ಆಂಪಿಯರ್ ಮಾತ್ರ, ಸೆಟ್ಟಿನ ಪೂರ್ಣ ಕರೆಂಟಾದ 174 ಅಲ್ಲ. ಎಂಜಿನ್ನಿಗೆ ಇದು ನೂರಕ್ಕೆ ನೂರು ಪರೀಕ್ಷೆ, ಯಾಕೆಂದರೆ ಎಂಜಿನ್ ಕೊಡುವುದು ಕಿಲೋವ್ಯಾಟ್. ಆಲ್ಟರ್ನೇಟರಿಗೆ 80 ಶೇಕಡಾ ಪರೀಕ್ಷೆ, ಯಾಕೆಂದರೆ ಅದರ ವೈಂಡಿಂಗ್ ಬಿಸಿಯಾಗುವುದು ಕರೆಂಟಿನಿಂದ. ಪೂರ್ಣ ಕರೆಂಟಿಗೆ ಕಾಯಿಲ್‌ಗಳೂ ಇರುವ ಲೋಡ್ ಬ್ಯಾಂಕ್ ಬೇಕು, ಬಾಡಿಗೆ ದುಬಾರಿ. ಈ ಹೋಟೆಲಿನ ಲೋಡಿಗೆ ಅಷ್ಟು ಅಗತ್ಯವಿಲ್ಲ ಎಂದು ತೀರ್ಮಾನಿಸಿ, ಆಲ್ಟರ್ನೇಟರಿನ ಪೂರ್ಣ ಕರೆಂಟಿಗೆ ಕಾರ್ಖಾನೆಯ ಪರೀಕ್ಷಾ ಪತ್ರವನ್ನೇ ನಂಬಲಾಗಿದೆ, ಸೈಟಿನಲ್ಲಿ ಪರೀಕ್ಷಿಸಿಲ್ಲ ಎಂದು ನಮೂದಿಸಿದೆ. ಇಂಥ ಸಾಲು ಬರೆಯದೆ ‘ಫುಲ್ ಲೋಡ್ ಟೆಸ್ಟ್ ಓಕೆ’ ಎಂದು ಬರೆಯುವ ವರದಿಗಳೇ ಹೆಚ್ಚು.

ಒಮ್ಮೆಗೇ ಲೋಡ್ ಬಿದ್ದಾಗಿನ ತಡೆಯುವ ಶಕ್ತಿ ಚೆನ್ನಾಗಿತ್ತು. ಖಾಲಿ ಓಡುತ್ತಿದ್ದಾಗ ಥಟ್ಟನೆ 50 ಕಿಲೋವ್ಯಾಟ್ ಹಾಕಿದರೆ ಫ್ರೀಕ್ವೆನ್ಸಿ 48.1ಕ್ಕೆ, ವೋಲ್ಟೇಜ್ 378ಕ್ಕೆ ಕುಸಿದು ಮೂರು ಸೆಕೆಂಡಿನೊಳಗೆ ಎರಡೂ ಮೇಲೆ ಬಂದವು. ಐಎಸ್ಒ 8528ರ ಜಿ2 ದರ್ಜೆ ಫ್ರೀಕ್ವೆನ್ಸಿಯಲ್ಲಿ 10 ಶೇಕಡಾ, ವೋಲ್ಟೇಜಿನಲ್ಲಿ 20 ಶೇಕಡಾ ಕುಸಿತವನ್ನು ಒಪ್ಪುತ್ತದೆ; ಇಲ್ಲಿ ಆದದ್ದು ಸುಮಾರು 4 ಮತ್ತು 9.

ತಾನಾಗಿ ಚಾಲೂ ಆಗದ ಒಂದು ಸಂದರ್ಭ

ಕರೆಂಟ್ ಹೋದಾಗ ಸೆಟ್ ತಾನಾಗಿ ಚಾಲೂ ಆಗಿ ಲೋಡ್ ಹೊತ್ತುಕೊಳ್ಳಬೇಕು, ಬಂದಾಗ ಬಿಟ್ಟುಕೊಡಬೇಕು. ಇದಕ್ಕೆ ಎಎಂಎಫ್ ಪ್ಯಾನೆಲ್. ಕಂತ್ರಾಟುದಾರರು ಮುಖ್ಯ ಸ್ವಿಚ್ ಆಫ್ ಮಾಡಿ ತೋರಿಸಿದರು. 3 ಸೆಕೆಂಡಿಗೆ ಸ್ಟಾರ್ಟ್, 11ನೇ ಸೆಕೆಂಡಿಗೆ ಲೋಡ್. ಸ್ವಿಚ್ ಹಾಕಿದಾಗ ಒಂದು ನಿಮಿಷ ಕಾದು ಕಂಪನಿಯ ಕರೆಂಟಿಗೆ ಮರಳಿತು, ಮೂರು ನಿಮಿಷ ಖಾಲಿ ಓಡಿ ತಣಿದು ನಿಂತಿತು. ಎಲ್ಲರಿಗೂ ಸಮಾಧಾನ.

ಆದರೆ ಹೊರಗಿನ ಕರೆಂಟ್ ಯಾವಾಗಲೂ ಮೂರೂ ಫೇಸ್ ಒಟ್ಟಿಗೆ ಹೋಗುವುದಿಲ್ಲ. ಬೀದಿಯ ಫೀಡರ್ ಪಿಲ್ಲರಿನಲ್ಲಿ ಒಂದು ಫ್ಯೂಸ್ ಹೋದರೆ ಒಂದೇ ಫೇಸ್ ಸಾಯುತ್ತದೆ. ಆಗಲೂ ಸೆಟ್ ಚಾಲೂ ಆಗಬೇಕು. ಇಲ್ಲವಾದರೆ ಮೋಟರುಗಳು ಎರಡು ಫೇಸಿನಲ್ಲಿ ಗುಂಯ್‌ಗುಟ್ಟಿ ಸುಡುತ್ತವೆ. ಆದ್ದರಿಂದ ಪ್ಯಾನೆಲಿನೊಳಗೆ ಕರೆಂಟ್ ಗಮನಿಸುವ ಮೂರು ಸಣ್ಣ ಫ್ಯೂಸುಗಳನ್ನು ಒಂದೊಂದಾಗಿ ಎಳೆಸಿದೆ. ಆರ್ ಫೇಸಿನದು ಎಳೆದಾಗ ಸೆಟ್ ಚಾಲೂ ಆಯಿತು. ವೈ ಎಳೆದಾಗ ಏನೂ ಆಗಲಿಲ್ಲ. ಬಿ ಎಳೆದಾಗಲೂ ಇಲ್ಲ.

ಕಂಟ್ರೋಲರಿನ ಹಿಂಬದಿ ತೆರೆದಾಗ ಕಾರಣ ಕಣ್ಣೆದುರಿಗೇ ಇತ್ತು. ಮೂರು ಫೇಸ್ ನೋಡಬೇಕಾದ ಮೂರು ಟರ್ಮಿನಲ್ಲುಗಳಿಗೂ ಆರ್ ಫೇಸಿನ ಒಂದೇ ವೈರು, ನಡುನಡುವೆ ಅರ್ಧ ಇಂಚಿನ ಲಿಂಕ್. ವೈ ಮತ್ತು ಬಿ ಫ್ಯೂಸುಗಳಿಂದ ಬಂದ ವೈರುಗಳು ಟೇಪ್ ಸುತ್ತಿಸಿಕೊಂಡು ಡಕ್ಟಿನೊಳಗೆ ಮಲಗಿದ್ದವು. ಸಿಂಗಲ್ ಫೇಸಿನಲ್ಲಿ ಬೆಂಚಿನ ಮೇಲೆ ಪ್ಯಾನೆಲ್ ಪರೀಕ್ಷಿಸುವಾಗ ಹೀಗೆ ಲಿಂಕ್ ಹಾಕುತ್ತಾರೆ, ಆಮೇಲೆ ತೆಗೆಯುವುದಿಲ್ಲ. ಅದನ್ನು ಅಲ್ಲಿಯೇ ಸರಿಪಡಿಸಿ, ಫೇಸಿನ ಸರದಿ ತಪ್ಪಿದರೂ ಎಚ್ಚರಿಕೆ ಬರುವಂತೆ ಕಂಟ್ರೋಲರಿನ ಆ ಸೆಟ್ಟಿಂಗನ್ನೂ ಆನ್ ಮಾಡಿಸಿದೆ. ಮೂರೂ ಫ್ಯೂಸನ್ನು ಮತ್ತೆ ಒಂದೊಂದಾಗಿ ಎಳೆದಾಗ ಮೂರು ಸಲವೂ ಸೆಟ್ ಚಾಲೂ ಆಯಿತು.

ಆಯಿಲ್ ಒತ್ತಡ ಇಳಿದಾಗ, ಕೂಲಂಟ್ ಕಾದಾಗ, ವೇಗ ಮೀರಿದಾಗ ಸೆಟ್ ನಿಲ್ಲುವ ಪರೀಕ್ಷೆಗಳು, ಎಮರ್ಜೆನ್ಸಿ ಬಟನ್, ಎಲ್ಲ ಸರಿಯಿದ್ದವು. ವೇಗದ ಪರೀಕ್ಷೆಗೆ ಎಂಜಿನ್ನನ್ನು ನಿಜವಾಗಿ ಓವರ್‌ಸ್ಪೀಡ್ ಮಾಡುವುದಿಲ್ಲ. ಕಂಟ್ರೋಲರಿನಲ್ಲಿ ಮಿತಿಯನ್ನು ತಾತ್ಕಾಲಿಕವಾಗಿ ಕೆಳಗಿಳಿಸಿ ನೋಡಿ, ಮತ್ತೆ ಏರಿಸಿ, ಏರಿಸಿದ ಅಂಕಿಯನ್ನು ವರದಿಯಲ್ಲಿ ಬರೆಯಬೇಕು. ಏರಿಸುವುದನ್ನು ಮರೆತ ಸೆಟ್ಟುಗಳನ್ನು ನೋಡಿದ್ದೇನೆ.

ಹೊಗೆಕೊಳವೆ ಮತ್ತು ಯೂರಿಯಾ

ಹೊಗೆಕೊಳವೆ ಟೆರೇಸಿನ ಪ್ಯಾರಾಪೆಟ್ ಮಟ್ಟದಲ್ಲೇ ನಿಂತಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ ಸರಳ. ಕಟ್ಟಡದ ಎತ್ತರಕ್ಕೆ ಕೆವಿಎಯ ವರ್ಗಮೂಲದ ಐದನೇ ಒಂದು ಭಾಗ ಕೂಡಿಸಬೇಕು. 125ರ ವರ್ಗಮೂಲ 11.18, ಅದರ ಐದನೇ ಒಂದು ಭಾಗ 2.2 ಮೀಟರ್. ಅಷ್ಟು ಉದ್ದ ಇನ್ನೂ ಸೇರಿಸಬೇಕಿತ್ತು. ಉದ್ದ ಹೆಚ್ಚಿದರೆ ಹೊಗೆ ಹೋಗಲು ಅಡ್ಡಿ ಹೆಚ್ಚುತ್ತದೆ, ಆದ್ದರಿಂದ ಜೋಡಿಸಿದ ಮೇಲೆ ಎಗ್ಸಾಸ್ಟ್ ಬ್ಯಾಕ್ ಪ್ರೆಷರ್ ಅಳೆದು ಎಂಜಿನ್ ತಯಾರಕರ ಮಿತಿಯೊಳಗಿದೆ ಎಂದು ತೋರಿಸಬೇಕೆಂದೂ ಸೇರಿಸಿದೆ.

ಯೂರಿಯಾ ದ್ರಾವಣವನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದಾಗ 32.5 ಶೇಕಡಾ ಬಂತು, ಇರಬೇಕಾದ್ದೇ ಅಷ್ಟು. ತಕರಾರು ದ್ರಾವಣದ್ದಲ್ಲ, ಹೋಟೆಲಿನ ರಾತ್ರಿಯ ಲೋಡಿನದು. 22 ಕಿಲೋವ್ಯಾಟಿನಲ್ಲಿ ಹೊಗೆ ಅಷ್ಟು ಬಿಸಿಯಾಗುವುದಿಲ್ಲ. ಬಿಸಿಯಾಗದಿದ್ದರೆ ಎಂಜಿನ್ ಯೂರಿಯಾ ಸಿಂಪಡಿಸುವುದಿಲ್ಲ, ಅರೆಬೆಂದ ಡೀಸೆಲ್ ಮಸಿ ಕೊಳವೆಯಲ್ಲಿ ಕಟ್ಟುತ್ತದೆ. ವಾರಕ್ಕೊಮ್ಮೆ ಖಾಲಿ ಓಡಿಸುವ ನಮ್ಮ ಮುಂಬಯಿ ಪದ್ಧತಿಗೆ ಈ ಹೊಸ ಎಂಜಿನ್ನುಗಳು ಹೇಳಿಸಿದವಲ್ಲ. ಆದ್ದರಿಂದ ಸ್ವೀಕಾರ ಪತ್ರದ ಜೊತೆ ಓಡಿಸುವ ಕ್ರಮವನ್ನೂ ಬರೆದುಕೊಟ್ಟೆ. ತಿಂಗಳಿಗೊಮ್ಮೆ, ಹಾಲ್ ಖಾಲಿಯಿರುವ ಮಧ್ಯಾಹ್ನ, ಹಾಲಿನ ಎಸಿಗಳನ್ನೂ ಲಾಡ್ಜಿನ ಗೀಸರುಗಳನ್ನೂ ಸೇರಿಸಿ ಕನಿಷ್ಠ 45 ಕಿಲೋವ್ಯಾಟ್ ಹಾಕಿ ಒಂದು ಗಂಟೆ ಓಡಿಸುವುದು. ಅದಕ್ಕೆ ಸುಮಾರು 13 ಲೀಟರ್ ಡೀಸೆಲ್. ಶೆಟ್ರು ಮೊದಲು ಕೊಸರಾಡಿದರು, ಆಮೇಲೆ ಒಪ್ಪಿದರು.

ಮೊದಲ ವರದಿ, ಮರುಪರೀಕ್ಷೆ, ಸ್ವೀಕಾರ

ಆ ದಿನದ ವರದಿಯಲ್ಲಿ ಸ್ವೀಕಾರ ಕೊಡಲಿಲ್ಲ. ಬಾಕಿಗಳನ್ನು ಎರಡು ಭಾಗ ಮಾಡಿದೆ. ಬಿಸಿಗಾಳಿ ಮರಳುವುದು ಮತ್ತು ಹೊಗೆಕೊಳವೆಯ ಎತ್ತರ ಸರಿಯಾಗದೆ ಸೆಟ್ಟನ್ನು ಹೋಟೆಲಿನ ಸುಪರ್ದಿಗೆ ತೆಗೆದುಕೊಳ್ಳುವಂತಿಲ್ಲ. ಅರ್ಥಿಂಗ್ ಪಿಟ್ ಆಮೇಲೆ ಆದರೂ ನಡೆಯುತ್ತದೆ, ಆದರೆ ಅದಕ್ಕೆ ತಕ್ಕ ಹಣ ತಡೆಹಿಡಿಯಬೇಕು. ಫೇಸ್ ಮತ್ತು ಎಎಂಎಫ್ ತಪ್ಪುಗಳನ್ನು ಅದೇ ದಿನ ಸರಿಪಡಿಸಿದ್ದರೂ ಪಟ್ಟಿಯಿಂದ ತೆಗೆಯಲಿಲ್ಲ. ‘ಕಂಡುಬಂತು, ಸರಿಪಡಿಸಲಾಯಿತು, ಮತ್ತೆ ಪರೀಕ್ಷಿಸಲಾಯಿತು’ ಎಂದೇ ಬರೆದೆ. ಕಂತ್ರಾಟುದಾರರಿಗೆ ಇದು ಮುಜುಗರ. ಆದರೆ ನಾಳೆ ಯಾರಾದರೂ ಆ ಕೇಬಲ್ ಬಿಚ್ಚಿ ಮತ್ತೆ ಕಟ್ಟುವಾಗ ಬಣ್ಣದ ಟೇಪು ಯಾಕೆ ಬದಲಾಗಿದೆ ಎಂದು ತಿಳಿಯಲು ಆ ಸಾಲು ಬೇಕು.

ಬಿಸಿಗಾಳಿಗೆ ತಗಡಿನ ಡಕ್ಟ್ ಮಾಡಿಸಿದರು. ರೇಡಿಯೇಟರ್ ಮುಖದಿಂದ ಶುರುವಾಗಿ, ಕ್ಯಾನ್ವಾಸ್ ಜೋಡಣೆ ಹಾದು, ಅಡ್ಡಗೋಡೆಯ ಮುಂದೆ ಮೇಲಕ್ಕೆ ತಿರುಗಿ, ಶೆಡ್ಡಿನ ಮಟ್ಟ ದಾಟಿ ಹೊರಬರುವಂಥದ್ದು. ಕ್ಯಾನ್ವಾಸ್ ಇಲ್ಲದಿದ್ದರೆ ಸೆಟ್ಟಿನ ನಡುಕಕ್ಕೆ ತಗಡು ಸೀಳುತ್ತದೆ. ಡಕ್ಟಿನ ಅಡ್ಡಳತೆ ರೇಡಿಯೇಟರ್ ಮುಖದ ಒಂದೂಕಾಲು ಪಟ್ಟಿಗೆ ಕಡಿಮೆಯಾಗಬಾರದು ಎಂದು ಹೇಳಿದ್ದೆ. ಬಾಗಿನಲ್ಲಿ ಗಾಳಿ ಇಕ್ಕಟ್ಟಾದರೆ ಫ್ಯಾನ್ ಸೋಲುತ್ತದೆ, ಒಂದು ತೊಂದರೆ ಹೋಗಿ ಇನ್ನೊಂದು ಬರುತ್ತದೆ. ತಯಾರಕರು ಒಪ್ಪುವ ಅಡ್ಡಿ 12 ಮಿಲಿಮೀಟರ್ ನೀರಿನ ಒತ್ತಡ. ಡಕ್ಟ್ ಹಾಕಿದ ಮೇಲೆ ಮಾನೋಮೀಟರಿನಲ್ಲಿ 7 ಬಂತು. ಆಲ್ಟರ್ನೇಟರ್ ತುದಿಯ ಮೇಲಿನ ತಗಡು ತೆಗೆಸಿದೆ. ಉಳಿದ ಶೆಡ್ ಬಿಟ್ಟುಕೊಡಲು ಶೆಟ್ರು ಒಪ್ಪಲಿಲ್ಲ, ಡಕ್ಟ್ ಇದ್ದ ಮೇಲೆ ಅದರಿಂದ ತೊಂದರೆಯೂ ಇರಲಿಲ್ಲ.

ಮರುಪರೀಕ್ಷೆಯ ದಿನ ಬೀದಿಯ ನೆರಳಿನಲ್ಲಿ ಮತ್ತೆ 34 ಡಿಗ್ರಿಯೇ ಇತ್ತು, ಹೋಲಿಕೆಗೆ ಅನುಕೂಲವಾಯಿತು. ಪೂರ್ಣ ಲೋಡಿನಲ್ಲಿ ಒಂದು ಗಂಟೆ. ಒಳಗಾಳಿ 37ಕ್ಕೆ ನಿಂತಿತು, ಕೂಲಂಟ್ 88ಕ್ಕೆ. ಕೊನೆಯ ಮೂರು ರೀಡಿಂಗುಗಳಲ್ಲಿ ಒಂದು ಡಿಗ್ರಿಯೂ ಅಲುಗಾಡಲಿಲ್ಲ. ವ್ಯತ್ಯಾಸ 51, ಮೊದಲ ದಿನ 50. ರೇಡಿಯೇಟರಿನ ತಪ್ಪಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಈ ಸೆಟ್ಟಿನ ಪ್ರೈಮ್ ರೇಟಿಂಗ್ 12 ಗಂಟೆಯಲ್ಲಿ ಒಂದು ಗಂಟೆ 10 ಶೇಕಡಾ ಹೆಚ್ಚು ಲೋಡಿಗೆ ಅವಕಾಶ ಕೊಡುತ್ತದೆ, ಆದರೆ ತಂದ ಲೋಡ್ ಬ್ಯಾಂಕ್ 100ರದ್ದೇ. ಆ ಪರೀಕ್ಷೆ ಮಾಡಿಲ್ಲ ಎಂದು ಅದನ್ನೂ ಬರೆದೆ. ಡೀಸೆಲ್ ಬಳಕೆ ಪೂರ್ಣ ಲೋಡಿನಲ್ಲಿ ಗಂಟೆಗೆ 27 ಲೀಟರ್. ಹೊಗೆಕೊಳವೆ ಎತ್ತರಿಸಿದ್ದರು, ಬ್ಯಾಕ್ ಪ್ರೆಷರ್ ಮಿತಿಯೊಳಗಿತ್ತು.

ಸ್ವೀಕಾರ ಪತ್ರಕ್ಕೆ ಮೂರು ಕಡೆಯವರ ಸಹಿ ಬಿತ್ತು. ಅದರಲ್ಲಿ ಎರಡು ಷರತ್ತು ಸೇರಿಸಿದೆ. ಸೆಟ್ಟಿನ ಎರಡೂ ತುದಿಗಳಿಂದ 3 ಮೀಟರಿನೊಳಗೆ ಹೊಸದಾಗಿ ಏನು ಕಟ್ಟಿದರೂ, ತಗಡು ಹೊದಿಸಿದರೂ, ಗ್ಯಾಸ್ ಸಿಲಿಂಡರಿನ ಪಂಜರ ಇಟ್ಟರೂ ಉಷ್ಣತೆಯ ಪರೀಕ್ಷೆ ಮತ್ತೆ ಆಗಬೇಕು. ನಾಲ್ಕನೇ ಅರ್ಥಿಂಗ್ ಪಿಟ್ ಸರಿಪಡಿಸಿದ ಮೇಲೂ ಅದನ್ನು ಮಳೆಗಾಲ ಕಳೆದು, ನೆಲ ಒಣಗಿದ ಏಪ್ರಿಲಿನಲ್ಲಿ ಅಳೆಯಬೇಕು, ಅಲ್ಲಿಯವರೆಗೆ ಅದರ ಹಣ ಬಾಕಿ. ಕಂತ್ರಾಟುದಾರರು ಆಗಸ್ಟಿನಲ್ಲೇ ಅಳೆದು 1.4 ಓಮಿನ ಹಾಳೆ ಕಳಿಸಿದ್ದಾರೆ. ಒದ್ದೆ ನೆಲದ ಅಂಕಿ ಅದು. ಆ ಹಾಳೆಯನ್ನು ಫೈಲಿನಲ್ಲಿ ಇಟ್ಟಿದ್ದೇವೆ, ಹಣ ಬಿಟ್ಟಿಲ್ಲ.